ಪಡುವಲ ಗೋಡೆಗೆ ಹೊಸ ಕಿಟಕಿ ಚೌಕಟ್ಟು: ಬೆಣೆ, ಹೋಲ್ಡ್‌ಫಾಸ್ಟ್, ತೂಕದ ಗುಂಡು

ಮಂಡ್ಯ ಹತ್ತಿರದ ನಮ್ಮ ಹಳ್ಳಿ ಮನೆಯಲ್ಲಿ ಪಡುವಲ ಗೋಡೆಗೆ ಎರಡು ಕಿಟಕಿ ಇವೆ. ಎರಡರ ಚೌಕಟ್ಟೂ ಕೆಳಗಿನಿಂದ ಕೊಳೆತಿದ್ದವು. ಮೊದಲನೆಯದನ್ನು ಹೋದ ವರ್ಷ ನಾನೇ ಬದಲಿಸಿದೆ, ಸರಿಯಾಗಲಿಲ್ಲ. ಎರಡನೆಯದನ್ನು ಈ ವರ್ಷ ಶಿವರಾತ್ರಿ ಕಳೆದ ಮೇಲೆ, ಮರ ಚೆನ್ನಾಗಿ ಒಣಗಿರುವ ಕಾಲ ನೋಡಿಕೊಂಡು ಮಾಡಿದೆ. ಇಲ್ಲಿ ಬರೆಯುತ್ತಿರುವುದು ಎರಡನೆಯದರ ಬಗ್ಗೆ. ಆದರೆ ಮೊದಲನೆಯದು ಯಾಕೆ ಕೆಟ್ಟಿತು ಅನ್ನುವುದನ್ನು ಹೇಳದಿದ್ದರೆ ಎರಡನೆಯದರಲ್ಲಿ ಮಾಡಿದ್ದು ಅರ್ಥವಾಗುವುದಿಲ್ಲ.

ಮೊದಲ ಕಿಟಕಿಯಲ್ಲಿ ಚೌಕಟ್ಟನ್ನು ಗೋಡೆಯ ಬಾಯಿಗೆ ಇಟ್ಟು, ಎರಡೂ ಪಕ್ಕಕ್ಕೆ ನಡುಮಧ್ಯದಲ್ಲಿ ಒಂದೊಂದು ಬೆಣೆ ಬಡಿದೆ. ಅಲ್ಲಾಡಲಿಲ್ಲ. ನೇರ ನಿಂತಿದೆಯಾ ಅಂತ ದಾರಕ್ಕೆ ಕಟ್ಟಿದ ತೂಕದ ಗುಂಡು ಬಿಟ್ಟು ನೋಡಿದೆ, ದಾರಕ್ಕೂ ಮರಕ್ಕೂ ನಡುವೆ ಮೇಲೂ ಕೆಳಗೂ ಒಂದೇ ಅಳತೆ ಬಂತು. ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿಗಳು, ಅಂದರೆ ಹೋಲ್ಡ್‌ಫಾಸ್ಟ್, ಕೂರುವ ಗೋಡೆಯ ತೂತುಗಳಿಗೆ ಕಾಂಕ್ರೀಟ್ ತುಂಬಿ ಮಲಗಿದೆ. ಹತ್ತು ದಿನ ಬಿಟ್ಟು ಕದ ಕೂರಿಸಲು ಬಂದ ಆಚಾರ್ರು ಟೇಪ್ ಹಿಡಿದರು. ಚೌಕಟ್ಟಿನ ಒಳ ಅಗಲ ಮೇಲೆ 31 ಇಂಚು, ಕೆಳಗೆ 31 ಇಂಚು, ನಡುವೆ ಮಾತ್ರ ಮುಕ್ಕಾಲು ಕಡಿಮೆ 31, ಅಂದರೆ ಮೂವತ್ತೂಕಾಲು. ಚೌಕಟ್ಟಿನ ಪಕ್ಕದ ನೆಟ್ಟನೆ ಮರಗಳು, ಅಂದರೆ ಎರಡೂ ನಿಲುವು, ನಡುವೆ ಹೊಟ್ಟೆ ಹಾಗೆ ಒಳಕ್ಕೆ ಬಾಗಿದ್ದವು. ನಾನು ಗುಂಡು ಬಿಟ್ಟಾಗ ಮೇಲಿನ ತುದಿ, ಕೆಳಗಿನ ತುದಿ ಎರಡನ್ನೇ ಅಳೆದಿದ್ದೆ. ಹೊಟ್ಟೆ ಅಳೆದಿರಲಿಲ್ಲ. ಕದದ ಅಂಚನ್ನು ಹತ್ತರಿ ಹೊಡೆದು ಹೊಟ್ಟೆಗೆ ತಕ್ಕಂತೆ ಮಾಡಿ ಕೂರಿಸಿದರು. ಈಗಲೂ ಆ ಕಿಟಕಿ ಮುಚ್ಚಿದಾಗ ಮೇಲೊಂದು ಸಂದು, ಕೆಳಗೊಂದು ಸಂದು ಕಾಣುತ್ತವೆ.

ನಮ್ಮ ಬೀದಿಯಲ್ಲೇ ಇರುವ ಗಾರೆ ಮೇಸ್ತ್ರಿ, ನನಗೆ ವರಸೆಯಲ್ಲಿ ಮಾವ ಆಗಬೇಕು, ಬಂದು ನೋಡಿ ಒಂದೇ ಮಾತು ಹೇಳಿದರು. "ಅಳೀಮಯ್ಯ, ಬೆಣೆ ಮೂಲೇಲಿ ಹಿಡ್ಕೋಬೇಕು ಕಣಪ್ಪ. ನಡುವಿಗೆ ತಿವುದ್ರೆ ಅದು ಬಗ್ಗದೆ ಇನ್ನೇನ್ ಮಾಡ್ತದೆ?"

ಈ ಸಲದ ಕೆಲಸ ಪೂರ್ತಿ ಆ ಮಾತಿನ ಮೇಲೆ ನಿಂತಿದೆ.

ಹಳೆಯದನ್ನು ಕಿತ್ತ ದಿನ

ಗೋಡೆ 9 ಇಂಚಿನ ಇಟ್ಟಿಗೆ ಗೋಡೆ, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಕಿಟಕಿಯ ಮೇಲೆ ಲಿಂಟಲ್ ಬದಲು ಕಲ್ಲಿನ ಚಪ್ಪಡಿ ಇದೆ. ಅದು ಗಟ್ಟಿಯಾಗಿರುವುದರಿಂದ ಚೌಕಟ್ಟು ಕಿತ್ತರೆ ಮೇಲಿನ ಗೋಡೆ ಬೀಳುತ್ತದೆ ಅನ್ನುವ ಭಯ ಇರಲಿಲ್ಲ. ಹಾಗಿದ್ದರೂ ಮೊದಲು ಚಪ್ಪಡಿಯ ಎರಡೂ ತುದಿ ಗೋಡೆಯ ಮೇಲೆ ಎಷ್ಟು ಕೂತಿದೆ ಅಂತ ಗಾರೆ ಕೆರೆದು ನೋಡಿದೆ. ಎರಡೂ ಕಡೆ 6 ಇಂಚಿಗಿಂತ ಜಾಸ್ತಿ ಕೂತಿತ್ತು. ಬಿರುಕಿರುವ ಚಪ್ಪಡಿ ಅಥವಾ ಚಪ್ಪಡಿಯೇ ಇಲ್ಲದೆ ಚೌಕಟ್ಟಿನ ಮೇಲೇ ಇಟ್ಟಿಗೆ ಕಟ್ಟಿರುವ ಹಳೇ ಮನೆ ಆದರೆ ಆಸರೆ ಕೊಡದೆ ಕೈ ಹಾಕಬಾರದು.

ಹಳೇ ಚೌಕಟ್ಟನ್ನು ಇಡಿಯಾಗಿ ಎಳೆಯಲು ಹೋಗಲಿಲ್ಲ. ಎರಡೂ ನಿಲುವನ್ನು ನಡುವೆ ಗರಗಸದಲ್ಲಿ ಕುಯ್ದು, ತುಂಡುತುಂಡಾಗಿ ಒಳಕ್ಕೆ ಮಡಚಿ ತೆಗೆದೆ. ಹಾಗೆ ಮಾಡಿದರೆ ಸುತ್ತಲಿನ ಇಟ್ಟಿಗೆ ಕದಲುವುದಿಲ್ಲ.

ಕೊಳೆತದ್ದು ಯಾಕೆ ಅಂತ ಅಲ್ಲೇ ಗೊತ್ತಾಯಿತು. ಹೊರಗಡೆ ಕಿಟಕಿ ಕಟ್ಟೆಯ ಗಾರೆ ಚೌಕಟ್ಟಿನ ಕೆಳಪಟ್ಟಿಗಿಂತ ಮುಕ್ಕಾಲು ಇಂಚು ಎತ್ತರಕ್ಕೆ ಇತ್ತು. ಯಾವಾಗಲೋ ದುರಸ್ತಿ ಮಾಡಿದವರು ಹಳೇ ಗಾರೆಯ ಮೇಲೇ ಇನ್ನೊಂದು ಪದರ ಬಳಿದು, ಮರದ ಅಂಚನ್ನು ಮುಚ್ಚಿಬಿಟ್ಟಿದ್ದಾರೆ. ಸಂಜೆ ಮಳೆಯ ನೀರು ಕಟ್ಟೆಯಿಂದ ಹೊರಗೆ ಹರಿಯುವ ಬದಲು ಮರಕ್ಕೂ ಗಾರೆಗೂ ನಡುವಿನ ಸಂದಿಗೆ ಇಳಿದಿದೆ. ಅಲ್ಲಿ ಗಾಳಿ ಆಡುವುದಿಲ್ಲ, ಮರ ಒಣಗುವುದಿಲ್ಲ. ಒದ್ದೆ ಮರಕ್ಕೆ ಬೂಷ್ಟು, ಬೂಷ್ಟಿನ ಹಿಂದೆ ಗೆದ್ದಲು. ಕೆಳಪಟ್ಟಿಯನ್ನು ಬೆರಳಲ್ಲಿ ಒತ್ತಿದರೆ ನೆನೆದ ರೊಟ್ಟಿ ಹಾಗೆ ಒಳಕ್ಕೆ ಹೋಯಿತು. ಆದರೆ ಅದೇ ಮರದ ಮೇಲಿನ ಅರ್ಧ ಸುತ್ತಿಗೆಯಲ್ಲಿ ಬಡಿದರೆ ಗಂಟೆ ಹಾಗೆ ಸದ್ದು ಕೊಡುತ್ತಿತ್ತು. ಮರದ ತಪ್ಪು ಏನೂ ಇರಲಿಲ್ಲ. ಆ ಕಟ್ಟೆಯ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿ ಹಾಕಿದೆ.

ಕಸ ತೆಗೆದ ಮೇಲೆ ಬಾಯಿಯ ಅಳತೆ: ಅಗಲ 38 ಇಂಚು, ಎತ್ತರ ನಲವತ್ತೊಂಬತ್ತೂವರೆ ಇಂಚು. ಹೊಸ ಚೌಕಟ್ಟಿನ ಹೊರ ಅಳತೆ 36 ಇಂಚು ಅಗಲ, 48 ಇಂಚು ಎತ್ತರ. ಅಂದರೆ ಎರಡೂ ಪಕ್ಕಕ್ಕೆ ಒಂದೊಂದು ಇಂಚು, ಕೆಳಗೆ 1 ಇಂಚು, ಮೇಲೆ ಅರ್ಧ ಇಂಚು ಸಂದು. ಪಕ್ಕದ ಸಂದು ಇದಕ್ಕಿಂತ ಕಡಿಮೆ ಇದ್ದರೆ ಬೆಣೆಗೆ ಜಾಗ ಸಾಲುವುದಿಲ್ಲ. ಜಾಸ್ತಿ ಇದ್ದರೆ ಗಾರೆ ತುಂಬುವುದು ಹೆಚ್ಚಾಗಿ ಆಮೇಲೆ ಬಿರುಕು ಬಿಡುತ್ತದೆ.

ಮೇಲಿನ ಅರ್ಧ ಇಂಚು ಬೇಕೆಂದೇ ಬಿಟ್ಟಿದ್ದು. ಕಲ್ಲಿನ ಭಾರ ಗೋಡೆ ಹೊರಬೇಕು, ಚೌಕಟ್ಟು ಹೊರಬಾರದು.

ಚೌಕಟ್ಟು ಮತ್ತು ಹೋಲ್ಡ್‌ಫಾಸ್ಟ್

ಚೌಕಟ್ಟು ಹೊನ್ನೆ ಮರದ್ದು, ನಿಲುವು ಮತ್ತು ಅಡ್ಡಪಟ್ಟಿ ಎರಡೂ 4 ಇಂಚಿಗೆ ಎರಡೂವರೆ ಇಂಚು. ಸರಳು ಹಾಕಿಸಿಯೇ ತಂದಿದ್ದೆ. 36ಕ್ಕೆ 48 ಅಂದರೆ 3 ಅಡಿಗೆ 4 ಅಡಿ. ಈ ಅಳತೆಯಲ್ಲಿ ಒಂದು ಅನುಕೂಲ ಇದೆ. ಮೂಲೆಯಿಂದ ಮೂಲೆಗೆ ಸರಿಯಾಗಿ 5 ಅಡಿ ಬರಬೇಕು, ಎರಡೂ ಕಡೆ. ಬಂದರೆ ಮೂಲೆಮಟ್ಟ ಹಿಡಿಯುವ ಅಗತ್ಯವೇ ಇಲ್ಲ.

ಟೆಂಪೋದಿಂದ ಇಳಿಸಿದ ಮೇಲೆ ಅಳೆದೆ. ಒಂದು ಕಡೆ 5 ಅಡಿಗೆ 2 ಮಿಲಿಮೀಟರ್ ಜಾಸ್ತಿ, ಇನ್ನೊಂದು ಕಡೆ 2 ಮಿಲಿಮೀಟರ್ ಕಡಿಮೆ. ದಾರಿಯಲ್ಲಿ ಎಲ್ಲೋ ಓರೆಯಾಗಿದೆ. ಆಚಾರ್ರು ಹೊಡೆದಿದ್ದ ಓರೆ ರೀಪಿನ ಮೊಳೆ ಸಡಿಲವಾಗಿತ್ತು. ಇದನ್ನು ನೆಲದ ಮೇಲೇ ಸರಿ ಮಾಡಬಹುದಿತ್ತು. ಗೋಡೆಯಲ್ಲಿ ಇಟ್ಟ ಮೇಲೆ ಬೆಣೆಯಿಂದಲೇ ಸರಿಯಾಗುತ್ತದೆ ಅಂತ ಗೊತ್ತಿದ್ದರಿಂದ, ರೀಪು ತೆಗೆದು ಹಾಗೇ ಬಿಟ್ಟೆ.

ಹೋಲ್ಡ್‌ಫಾಸ್ಟ್ ಮಂಡ್ಯದ ಪೇಟೆ ಬೀದಿಯಲ್ಲಿ ತಂದೆ. ಕಬ್ಬಿಣದ ಪಟ್ಟಿ, ಒಂದು ತುದಿ 2 ಇಂಚು ಬಗ್ಗಿಸಿ ಎರಡು ತೂತು ಕೊರೆದಿರುತ್ತಾರೆ, ಅದು ಚೌಕಟ್ಟಿನ ಬೆನ್ನಿಗೆ ಸ್ಕ್ರೂ ಆಗುವ ಕಡೆ. ಇನ್ನೊಂದು ತುದಿಯನ್ನು ಮೀನಿನ ಬಾಲದ ಹಾಗೆ ಸೀಳಿ, ಒಂದು ಎಸಳು ಮೇಲಕ್ಕೆ, ಒಂದು ಕೆಳಕ್ಕೆ ಬಗ್ಗಿಸಿರುತ್ತಾರೆ. ಅದು ಗೋಡೆಯೊಳಗಿನ ಕಾಂಕ್ರೀಟಿಗೆ ಹೋಗುತ್ತದೆ. ಆ ಬಾಲ ಇಲ್ಲದ ಬರೀ ಪಟ್ಟಿಯೂ ಸಿಗುತ್ತದೆ. ಅದನ್ನು ತೆಗೆದುಕೊಳ್ಳಬೇಡಿ. ವರ್ಷಗಟ್ಟಲೆ ಕದ ಬಡಿದುಕೊಂಡರೆ ಬರೀ ಪಟ್ಟಿ ಕಾಂಕ್ರೀಟಿನಿಂದ ನಿಧಾನವಾಗಿ ಜಾರುತ್ತದೆ, ಸೀಳಿದ ಬಾಲ ಜಾರುವುದಿಲ್ಲ. ದಪ್ಪ 5 ಮಿಲಿಮೀಟರ್ ಇರಲಿ. 3 ಮಿಲಿಮೀಟರಿನದು ಕೈಯಲ್ಲೇ ಬಗ್ಗುತ್ತದೆ, ಅಂಗಡಿಯಲ್ಲೇ ಬಗ್ಗಿಸಿ ನೋಡಬಹುದು.

4 ಅಡಿ ಎತ್ತರದ ಕಿಟಕಿಗೆ ಪಕ್ಕಕ್ಕೆ ಎರಡರಂತೆ ನಾಲ್ಕು ಸಾಕು. ಬಾಗಿಲಾದರೆ ಪಕ್ಕಕ್ಕೆ ಮೂರು ಬೇಕು. ಮೇಲಿನಿಂದ 10 ಇಂಚು, ಕೆಳಗಿನಿಂದ 10 ಇಂಚು ಅಂತ ಗುರುತು ಹಾಕಿದೆ. ಆಮೇಲೆ ಗೋಡೆಯ ಇಟ್ಟಿಗೆ ವರಸೆ ನೋಡಿ ಒಂದೊಂದನ್ನು ಅರ್ಧ ಇಂಚು, ಮುಕ್ಕಾಲು ಇಂಚು ಆಚೀಚೆ ಸರಿಸಿದೆ. ಪಟ್ಟಿ ಇಟ್ಟಿಗೆಯ ನಡುವಿಗೆ ಬರುವ ಬದಲು ಎರಡು ವರಸೆಯ ನಡುವಿನ ಗಾರೆಗೆ ಬಂದರೆ ಗೋಡೆ ಒಡೆಯುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಮೊಳೆ ಹೊಡೆಯಲಿಲ್ಲ. ಮೊದಲು ಸಣ್ಣ ತೂತು ಕೊರೆದು 2 ಇಂಚಿನ ಸ್ಕ್ರೂ ಹಾಕಿದೆ. ಸ್ಕ್ರೂ ಹಾಕುವ ಮೊದಲೇ ಚೌಕಟ್ಟಿನ ಬೆನ್ನಿಗೆ, ಗೋಡೆಗೆ ತಾಗುವ ನಾಲ್ಕೂ ಕಡೆ, ಕಪ್ಪು ಬಿಟುಮೆನ್ ಬಣ್ಣ ಎರಡು ಸಲ ಬಳಿದೆ. ಕೆಳಗಿನ ಮೂಲೆಗಳಲ್ಲಿ ನಿಲುವಿನ ತುದಿ ಕಾಣುತ್ತದಲ್ಲ, ಮರದ ನಾರಿನ ಬಾಯಿ ತೆರೆದಿರುವ ಜಾಗ, ಅಲ್ಲಿ ಮೂರನೇ ಸಲ. ನೀರು ಕುಡಿಯುವುದು ಆ ಬಾಯಿಯಿಂದಲೇ.

ಗೋಡೆಯಲ್ಲಿ ತೂತು

ಚೌಕಟ್ಟು ಗೋಡೆಯ ಹೊರಮುಖದಿಂದ 2 ಇಂಚು ಒಳಗೆ ಕೂರಬೇಕಿತ್ತು. ಒಳಗಡೆಯಿಂದ ಉಳಿ ಮತ್ತು ಸುತ್ತಿಗೆ ಹಿಡಿದು ನಾಲ್ಕು ಗೂಡು ಕೆತ್ತಿದೆ. ಒಂದೊಂದೂ 10 ಇಂಚು ಉದ್ದ, 5 ಇಂಚು ಎತ್ತರ, 6 ಇಂಚು ಆಳ. ಹೊರಗಡೆ 3 ಇಂಚು ಇಟ್ಟಿಗೆ ಹಾಗೇ ಉಳಿಯಿತು. ಮೊದಲು ಗಾರೆಯ ಸಂದಿಯನ್ನು ಕೆರೆದು ಇಟ್ಟಿಗೆ ಸಡಿಲ ಮಾಡಿಕೊಂಡು, ಆಮೇಲೆ ಇಟ್ಟಿಗೆ ತೆಗೆಯಬೇಕು. ಇಟ್ಟಿಗೆಗೇ ನೇರವಾಗಿ ಬಡಿದರೆ ಸುಣ್ಣದ ಗಾರೆಯ ಗೋಡೆ ಪಕ್ಕದ ನಾಲ್ಕು ಇಟ್ಟಿಗೆವರೆಗೂ ಅದುರುತ್ತದೆ. ಡ್ರಿಲ್ ಮೆಷಿನ್ ಇತ್ತು, ಅದೇ ಕಾರಣಕ್ಕೆ ಬಳಸಲಿಲ್ಲ.

ಗೂಡಿನ ಒಳಗಡೆ ಬಾಯಿಗಿಂತ ಸ್ವಲ್ಪ ಅಗಲ ಇರಲಿ. ಆಗ ಕಾಂಕ್ರೀಟ್ ಗಟ್ಟಿಯಾದ ಮೇಲೆ ಈಚೆ ಎಳೆದರೂ ಬರುವುದಿಲ್ಲ.

ಬೆಣೆ

ಬೆಣೆಗೆ ಒಣಗಿದ ಬೇವಿನ ತುಂಡು ಸಿಕ್ಕಿತು. ಹನ್ನೆರಡು ಮಾಡಿಕೊಂಡೆ. ಎಲ್ಲವೂ ಒಂದೇ ಅಳತೆ: ಉದ್ದ 6 ಇಂಚು, ಅಗಲ ಒಂದೂವರೆ ಇಂಚು, ದಪ್ಪ ತುದಿ 7/8 ಇಂಚು, ತೆಳು ತುದಿ 1/4 ಇಂಚು. ಒಂದೇ ಅಳತೆ ಯಾಕೆ ಅಂದರೆ ಇವನ್ನು ಜೋಡಿಯಾಗಿ ಬಳಸಬೇಕು.

ಇದು ಸ್ವಲ್ಪ ನಿಧಾನವಾಗಿ ಹೇಳಬೇಕಾದ ವಿಷಯ. ಒಂದೇ ಬೆಣೆಯನ್ನು ಒಳಗಿನಿಂದ ಸಂದಿಗೆ ಬಡಿದಿರಿ ಅಂತಿಟ್ಟುಕೊಳ್ಳಿ. ಒಳಗಡೆ ದಪ್ಪ, ಹೊರಗಡೆ ತೆಳು. ಅದು ನಿಲುವಿನ ಬೆನ್ನಿಗೆ ಪೂರ್ತಿ ತಾಗುವುದಿಲ್ಲ, ಒಳ ಅಂಚಿಗೆ ಮಾತ್ರ ತಾಗುತ್ತದೆ. ಬಡಿದಷ್ಟೂ ನಿಲುವು ತನ್ನಲ್ಲೇ ತಿರುಚಿಕೊಳ್ಳುತ್ತದೆ. ಎರಡು ಬೆಣೆಯನ್ನು ಎದುರುಬದುರು ಇಟ್ಟು, ಒಂದನ್ನು ಒಳಗಿನಿಂದ, ಒಂದನ್ನು ಹೊರಗಿನಿಂದ ಬಡಿದರೆ ಎರಡೂ ಸೇರಿ ಒಂದು ಸಪಾಟು ಹಲಗೆ ಆಗುತ್ತವೆ. ಬಡಿದ ಹಾಗೆ ಆ ಹಲಗೆ ದಪ್ಪ ಆಗುತ್ತದೆ, ಆದರೆ ಓರೆ ಆಗುವುದಿಲ್ಲ.

ಇನ್ನೊಂದು ಲೆಕ್ಕವೂ ಕೈಗೆ ಬರುತ್ತದೆ. 6 ಇಂಚು ಉದ್ದಕ್ಕೆ ದಪ್ಪ 5/8 ಇಂಚು ಇಳಿದಿದೆ, ಅಂದರೆ ಹೆಚ್ಚುಕಮ್ಮಿ ಹತ್ತಕ್ಕೆ ಒಂದು. ಬೆಣೆಯನ್ನು ಒಂದು ಸೆಂಟಿಮೀಟರ್ ಒಳಕ್ಕೆ ಬಡಿದರೆ ಚೌಕಟ್ಟು ಒಂದು ಮಿಲಿಮೀಟರ್ ಸರಿಯುತ್ತದೆ. ಈ ಲೆಕ್ಕ ಗೊತ್ತಿದ್ದರೆ ಸುಮ್ನೆ ಬಡಿಯುವುದು ತಪ್ಪುತ್ತದೆ. ಬೆಣೆಯ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದುಕೊಂಡು, ಎಷ್ಟು ಬೇಕೋ ಅಷ್ಟೇ ಬಡಿಯಬಹುದು.

ಜಾಗ ಎಲ್ಲಿ? ಪಕ್ಕಕ್ಕೆ ನಾಲ್ಕು ಜೋಡಿ, ನಾಲ್ಕು ಮೂಲೆಯಲ್ಲಿ. ಮೂಲೆ ಅಂದರೆ ಅಡ್ಡಪಟ್ಟಿ ಬಂದು ನಿಲುವಿಗೆ ಸೇರುವ ಎರಡೂವರೆ ಇಂಚಿನೊಳಗೆ, ಅದರ ನೇರಕ್ಕೆ. ಅಲ್ಲಿ ಬಡಿದರೆ ಒತ್ತಡ ಅಡ್ಡಪಟ್ಟಿಯ ಉದ್ದಕ್ಕೂ ಹಾಯ್ದು ಆ ಕಡೆಯ ಗೋಡೆಗೆ ಹೋಗುತ್ತದೆ. ನಿಲುವು ಬಾಗಲು ಕಾರಣವೇ ಇಲ್ಲ. ಅಲ್ಲಿಂದ ಒಂದು ಗೇಣು ಕೆಳಗೆ ಬಡಿದರೂ ಹಿಂದೆ ಬರೀ ಗಾಳಿ, ನಿಲುವು ಬಾಗುತ್ತದೆ. ನನ್ನ ಮೊದಲ ಕಿಟಕಿ ಕೆಟ್ಟಿದ್ದು ಹೀಗೆ. ಉಳಿದ ಎರಡು ಜೋಡಿ ಕೆಳಪಟ್ಟಿಯ ಅಡಿಗೆ, ಒಂದೊಂದು ನಿಲುವಿನ ನೇರ ಕೆಳಗೆ.

ಇದಲ್ಲದೆ 31 ಇಂಚಿಗೆ ಸರಿಯಾಗಿ ಕುಯ್ದ ಒಂದು ರೀಪನ್ನು ಎರಡು ನಿಲುವಿನ ನಡುವೆ, ನಡು ಎತ್ತರದಲ್ಲಿ, ಸರಳಿನ ಹೊರಬದಿಗೆ ಅಡ್ಡ ಕೊಟ್ಟೆ. ಕಾಂಕ್ರೀಟ್ ಕುಟ್ಟುವಾಗ ನಿಲುವು ಒಳಕ್ಕೆ ಬರಬಾರದಲ್ಲ, ಅದಕ್ಕೆ. ಮೇಲಿನ ಪಟ್ಟಿ ಮುಂದಕ್ಕೆ ಬೀಳದ ಹಾಗೆ ಒಳಗಿನಿಂದ ನೆಲಕ್ಕೆ ಒಂದು ಓರೆ ಆಸರೆ.

ಗುಂಡು ಬಿಟ್ಟು ನೋಡಿದ್ದು

ಮೊದಲು ಕೆಳಪಟ್ಟಿ. ರಸಮಟ್ಟ ಇಟ್ಟು, ಕೆಳಗಿನ ಎರಡು ಜೋಡಿ ಬೆಣೆಯಿಂದ ಮಟ್ಟ ಮಾಡಿದೆ. ಕೆಳಪಟ್ಟಿ ಮಟ್ಟ ಆಗದೆ ಮುಂದಿನ ಯಾವ ಅಳತೆಯೂ ನಿಲ್ಲುವುದಿಲ್ಲ.

ಆಮೇಲೆ ಗುಂಡು. ರಸಮಟ್ಟವನ್ನೇ ನಿಲುವಿಗೆ ನೇರ ಹಿಡಿದರೆ ಆಗುವುದಿಲ್ಲವೇ ಅಂತ ಕೇಳಬಹುದು. ನನ್ನ ಹತ್ತಿರ ಇರುವ ರಸಮಟ್ಟ 1 ಅಡಿಯದು. ಅದು ತಾನು ತಾಗಿರುವ 1 ಅಡಿಯ ಸುದ್ದಿ ಮಾತ್ರ ಹೇಳುತ್ತದೆ. ಗುಂಡಿನ ದಾರ ಮೇಲಿನಿಂದ ಕೆಳಗಿನವರೆಗೂ ಹೇಳುತ್ತದೆ, ನಡುವಿನ ಹೊಟ್ಟೆಯನ್ನೂ ತೋರಿಸುತ್ತದೆ. ಪಡುವಲ ಗಾಳಿಗೆ ಗುಂಡು ತೂಗಾಡುತ್ತಿತ್ತು. ಒಂದು ಬಕೆಟ್ ನೀರಿನಲ್ಲಿ ಗುಂಡನ್ನು ಮುಳುಗಿಸಿಟ್ಟೆ, ಅರ್ಧ ನಿಮಿಷದಲ್ಲಿ ನಿಂತಿತು. ದಾರ ಮಾತ್ರ ಬಕೆಟ್ ಅಂಚಿಗೆ ತಾಗಬಾರದು.

ಒಂದೊಂದು ನಿಲುವನ್ನೂ ಎರಡು ಕಡೆಯಿಂದ ನೋಡಬೇಕು: ಎಡಬಲಕ್ಕೆ ವಾಲಿದೆಯಾ, ಒಳಹೊರಕ್ಕೆ ವಾಲಿದೆಯಾ ಅಂತ. ಇವೆರಡೂ ಬೇರೆ ಬೇರೆ ತೊಂದರೆ ಕೊಡುತ್ತವೆ. ಎಡಬಲಕ್ಕೆ ವಾಲಿದರೆ ಕದದ ಮೂಲೆ ಉಜ್ಜುತ್ತದೆ, ಸಂದು ಓರೆಯಾಗಿ ಕಾಣುತ್ತದೆ. ಹೊರಕ್ಕೆ ವಾಲಿದರೆ, ಹೊರಗೆ ತೆರೆಯುವ ಕದ ಚಿಲಕ ತೆಗೆದ ಕೂಡಲೇ ತಾನೇ ತೆರೆದುಕೊಳ್ಳುತ್ತದೆ. ಒಳಕ್ಕೆ ವಾಲಿದರೆ ತೆರೆದಿಟ್ಟ ಕದ ತಾನೇ ಬಂದು ಮುಚ್ಚಿಕೊಳ್ಳುತ್ತದೆ. ಮೊದಲನೆಯದನ್ನು ಆಚಾರ್ರು ಹತ್ತರಿ ಹೊಡೆದು ಸರಿಮಾಡಬಲ್ಲರು. ಎರಡನೆಯದಕ್ಕೆ ಯಾವ ಹತ್ತರಿಯೂ ಇಲ್ಲ.

ಎಡ ನಿಲುವಿನ ಒಳಬದಿಗೆ, ಮೇಲಿನ ಪಟ್ಟಿಯ ಅಡಿಗೆ ಮೊಳೆ ಹೊಡೆದು ದಾರ ಇಳಿಬಿಟ್ಟೆ. ಸ್ಟೀಲ್ ಸ್ಕೇಲ್ ಹಿಡಿದು ಅಳೆದೆ. ನಿಲುವಿನಿಂದ ದಾರಕ್ಕೆ ಮೇಲೆ 50 ಮಿಲಿಮೀಟರ್, ನಡುವೆ ಐವತ್ತೊಂದೂವರೆ, ಕೆಳಗೆ 53. ಅಳತೆ ಒಂದೇ ಸಮ ಏರುತ್ತಿದೆ, ಹಾಗಾಗಿ ಹೊಟ್ಟೆ ಇಲ್ಲ. ಆದರೆ ಮೇಲಿನ ತುದಿ 3 ಮಿಲಿಮೀಟರ್ ಬಲಕ್ಕೆ ವಾಲಿದೆ. ಬಲ ನಿಲುವೂ ಅಷ್ಟೇ ಬಲಕ್ಕೆ ವಾಲಿತ್ತು. ಕೆಳಪಟ್ಟಿ ಮಟ್ಟ ಇದೆ, ನಿಲುವು ಎರಡೂ ಒಂದೇ ಕಡೆ ವಾಲಿವೆ ಅಂದರೆ ಚೌಕಟ್ಟೇ ಓರೆ. ಟೆಂಪೋ ಇಳಿಸಿದಾಗ ಮೂಲೆ ಅಳತೆಯಲ್ಲಿ ಕಂಡ 4 ಮಿಲಿಮೀಟರ್ ವ್ಯತ್ಯಾಸ ಇಲ್ಲಿ 3 ಮಿಲಿಮೀಟರ್ ವಾಲಾಗಿ ಕಾಣಿಸಿಕೊಂಡಿತು. ಟೇಪೂ ಗುಂಡೂ ಒಂದೇ ಮಾತು ಹೇಳಿದ್ದು ನೋಡಿ ಧೈರ್ಯ ಬಂತು.

ಬಲ ಮೇಲಿನ ಮೂಲೆಯ ಜೋಡಿಯನ್ನು 3 ಸೆಂಟಿಮೀಟರ್ ಬಡಿಯಬೇಕು. ಆದರೆ ಅದಕ್ಕೂ ಮೊದಲು ಎಡ ಮೇಲಿನ ಜೋಡಿಯನ್ನು ಅಷ್ಟೇ ಸಡಿಲ ಮಾಡಬೇಕು. ಇಲ್ಲದಿದ್ದರೆ ಚೌಕಟ್ಟು ಸರಿಯುವ ಬದಲು ನಡುವೆ ಸಿಕ್ಕಿಕೊಂಡು ಅಡ್ಡಪಟ್ಟಿಯ ಕೂಡು ಬಿಡುತ್ತದೆ. ಸಡಿಲ ಮಾಡಿ, ಒಳಗೆ ಒಂದು ಏಟು, ಹೊರಗೆ ಒಂದು ಏಟು ಅಂತ ಬಡಿದೆ. ಅಪ್ಪ ದಾರ ನೋಡುತ್ತಾ "ಬಂತು, ಬಂತು, ಸಾಕು" ಅಂದರು. ಮೇಲೆ 50, ಕೆಳಗೆ 50. ಮೂಲೆಯಿಂದ ಮೂಲೆಗೆ ಎರಡೂ ಕಡೆ 5 ಅಡಿ.

ಇನ್ನು ಒಳಹೊರ. ಹೊರಗಡೆಯಿಂದ ಎರಡೂ ನಿಲುವಿನ ಮುಖದ ಮುಂದೆ ದಾರ ಬಿಟ್ಟೆ. ಎಡಕ್ಕೆ ಮೇಲೆ 40, ಕೆಳಗೆ 40. ಬಲಕ್ಕೆ ಮೇಲೆ 40, ಕೆಳಗೆ 44. ಬಲಗಡೆ ಕೆಳಮೂಲೆ ಒಂದೇ 4 ಮಿಲಿಮೀಟರ್ ಒಳಕ್ಕೆ ಹೋಗಿದೆ. ಚೌಕಟ್ಟು ತಿರುಚಿಕೊಂಡಿದೆ. ಮೂಲೆ ಅಳತೆ ಸರಿಯಿದ್ದರೂ ತಿರುಚು ಇರಬಹುದು, ಟೇಪಿಗೆ ಅದು ಕಾಣುವುದಿಲ್ಲ. ಹೀಗೇ ಬಿಟ್ಟರೆ ಎರಡು ಕದ ಮುಚ್ಚಿದಾಗ ಮೇಲೆ ಸೇರಿದರೆ ಕೆಳಗೆ ಸೇರುವುದಿಲ್ಲ. ಮಾವ ಇದಕ್ಕೆ ದಾರವನ್ನೂ ಬಳಸುವುದಿಲ್ಲ. ಪಕ್ಕಕ್ಕೆ ಹೋಗಿ ಒಂದು ಕಣ್ಣು ಮುಚ್ಚಿ, ಹತ್ತಿರದ ನಿಲುವಿನ ಅಂಚು ದೂರದ ನಿಲುವಿನ ಅಂಚನ್ನು ಮೇಲಿನಿಂದ ಕೆಳಗಿನವರೆಗೂ ಒಂದೇ ಸಮ ಮುಚ್ಚುತ್ತದಾ ಅಂತ ನೋಡುತ್ತಾರೆ. ನಾನೂ ನೋಡಿದೆ. ಕೆಳಗಡೆ ದೂರದ ಅಂಚು ಕೂದಲೆಳೆಯಷ್ಟು ಹೊರಗೆ ಇಣುಕುತ್ತಿತ್ತು. ಬಲ ಕೆಳಗಿನ ಜೋಡಿಯನ್ನು ಚೂರು ಸಡಿಲ ಮಾಡಿ, ಒಂದು ಮರದ ತುಂಡು ಅಡ್ಡ ಇಟ್ಟು ಒಳಗಿನಿಂದ ಹೊರಕ್ಕೆ ಮೆಲ್ಲಗೆ ಬಡಿದು 40ಕ್ಕೆ ತಂದೆ. ಮತ್ತೆ ಬಿಗಿ ಮಾಡಿದೆ.

ಒಂದು ಮೂಲೆ ಮುಟ್ಟಿದರೆ ಉಳಿದ ಮೂರನ್ನೂ ಮತ್ತೆ ನೋಡಬೇಕು. ಮಟ್ಟ, ಎಡಬಲ, ಒಳಹೊರ, ಮೂಲೆ ಅಳತೆ, ನಡುವಿನ ಅಗಲ. ನನಗೆ ಮೂರು ಸುತ್ತು ಬೇಕಾಯಿತು, ಒಂದೂವರೆ ಗಂಟೆ. ಕೊನೆಗೆ ಎಲ್ಲಾ ಕಡೆ ಒಂದು ಮಿಲಿಮೀಟರ್ ಒಳಗೆ ಬಂತು. ಅದಕ್ಕಿಂತ ಜಾಸ್ತಿ ಹಿಡಿದು ಕೂರುವುದು ಬೇಡ, ಮರವೇ ಮಳೆಗಾಲದಲ್ಲಿ ಅಷ್ಟು ಉಬ್ಬುತ್ತದೆ.

ಕಾಂಕ್ರೀಟ್

ಗೂಡುಗಳಿಗೆ ನೀರು ಚಿಮುಕಿಸಿದೆ, ಇಟ್ಟಿಗೆ ಕುಡಿಯುವುದು ನಿಲ್ಲುವವರೆಗೂ. ಒಣ ಇಟ್ಟಿಗೆ ಕಾಂಕ್ರೀಟಿನ ನೀರನ್ನೇ ಎಳೆದುಕೊಂಡು ಅದನ್ನು ಪುಡಿಪುಡಿ ಮಾಡುತ್ತದೆ. ಒಂದು ಮಗ್ ಸಿಮೆಂಟ್, ಎರಡು ಮಗ್ ಮರಳು, ನಾಲ್ಕು ಮಗ್ ಬೇಬಿ ಜಲ್ಲಿ. ನೀರು ಕಡಿಮೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು. ನಾಲ್ಕು ಗೂಡಿಗೂ ಸೇರಿ ಸುಮಾರು 20 ಲೀಟರ್ ಬೇಕು, ಅಂದರೆ ಒಂದು ದೊಡ್ಡ ಬಕೆಟ್. ಎಲ್ಲಾ ಒಟ್ಟಿಗೆ ಕಲಸಲಿಲ್ಲ. ಎರಡು ಗೂಡಿಗೆ ಆಗುವಷ್ಟು ಕಲಸಿ, ಅರ್ಧ ಗಂಟೆಯೊಳಗೆ ತುಂಬಿ ಮುಗಿಸಿ, ಆಮೇಲೆ ಮುಂದಿನದು.

ಮೊದಲು ಕೆಳಗಿನ ಎರಡು. ಎಡಕ್ಕೆ ಅರ್ಧ ತುಂಬಿ, ಬಲಕ್ಕೆ ಅರ್ಧ ತುಂಬಿ, ಮತ್ತೆ ಎಡ, ಮತ್ತೆ ಬಲ. ಹೋಲ್ಡ್‌ಫಾಸ್ಟಿನ ಬಾಲದ ಅಡಿಗೆ ಕೋಲಿನಿಂದ ಚೆನ್ನಾಗಿ ತುರುಕಬೇಕು, ಅಲ್ಲೇ ಪೊಳ್ಳು ಉಳಿಯುವುದು. ಗಟ್ಟಿಯಾಗಿ ಕುಟ್ಟಲು ಹೋಗಬಾರದು, ಕುಟ್ಟಿದ ಏಟು ಪಟ್ಟಿಯ ಮೂಲಕ ನಿಲುವಿಗೆ ಹೋಗುತ್ತದೆ. ಕೆಳಗಿನವು ತುಂಬಿದ ಕೂಡಲೇ ಮತ್ತೆ ಗುಂಡು ಬಿಟ್ಟೆ. ಎಡ ನಿಲುವಿನ ಮೇಲ್ತುದಿ ಒಂದು ಮಿಲಿಮೀಟರ್ ಕದಲಿತ್ತು. ಎಡ ಮೇಲಿನ ಬೆಣೆಗೆ ಒಂದು ಸೆಂಟಿಮೀಟರ್ ಕೊಟ್ಟೆ, ಬಲದ್ದನ್ನು ಅಷ್ಟೇ ಬಿಟ್ಟೆ, ಸರಿಹೋಯಿತು. ಕಾಂಕ್ರೀಟ್ ಹಸಿಯಿರುವಾಗ ಇದು ಒಂದು ಏಟಿನ ಕೆಲಸ. ಬೆಳಗ್ಗೆ ಎದ್ದು ನೋಡಿದ್ದರೆ ಗೂಡು ಒಡೆಯುವ ಕೆಲಸ.

ಮೇಲಿನ ಎರಡು ತುಂಬಿ, ಕೊನೆಯ ಸಲ ಎಲ್ಲವನ್ನೂ ಅಳೆದು, ಆ ಸಂಖ್ಯೆಗಳನ್ನು ಪೆನ್ಸಿಲ್‌ನಲ್ಲಿ ನಿಲುವಿನ ಮೇಲೇ ಬರೆದಿಟ್ಟೆ. ಆ ದಿನ ಪಕ್ಕದ ಸಂದಿಗೆ ಗಾರೆ ತುಂಬಲಿಲ್ಲ. ಬೆಣೆ ಕಾಣುತ್ತಿರಬೇಕು.

ಬೆಣೆ ತೆಗೆದದ್ದು

ಗೂಡುಗಳ ಮೇಲೆ ಒದ್ದೆ ಗೋಣಿ ತೂಗುಹಾಕಿ, ಅಮ್ಮ ದಿನಕ್ಕೆ ಮೂರು ಸಲ ನೀರು ಹಾಕಿದರು. ನಾನು ಮೈಸೂರಿಗೆ ಕೆಲಸಕ್ಕೆ ಹೋಗಿ ಮುಂದಿನ ಶನಿವಾರ ಬಂದೆ. ಮೂರು ದಿನ ಕಳೆದರೆ ಬೆಣೆ ತೆಗೆಯಬಹುದು, ನನ್ನದು ಏಳು ದಿನ ಆಗಿತ್ತು. ಮೊದಲು ನಿಲುವಿನ ಮೇಲೆ ಬರೆದಿದ್ದ ಸಂಖ್ಯೆಗೆ ಹೋಲಿಸಿ ಅಳೆದೆ, ಏನೂ ಬದಲಾಗಿರಲಿಲ್ಲ. ಬೆಣೆಯ ತೆಳು ತುದಿಗೆ ಒಂದೊಂದು ಏಟು ಕೊಟ್ಟರೆ ದಪ್ಪ ತುದಿ ಆ ಕಡೆಯಿಂದ ಹೊರಗೆ ಬರುತ್ತದೆ. ಎಲ್ಲಾ ಹನ್ನೆರಡೂ ತೆಗೆದು ಮತ್ತೆ ಅಳೆದೆ. ಆಗ ಕದಲಿದ್ದರೆ ಹೋಲ್ಡ್‌ಫಾಸ್ಟ್ ಹಿಡಿದಿಲ್ಲ ಅಂತ ಅರ್ಥ. ಕದಲಲಿಲ್ಲ.

ಬೆಣೆಯನ್ನು ಒಳಗೇ ಬಿಟ್ಟು ಗಾರೆ ಬಳಿಯುವವರು ಬಹಳ ಜನ ಇದ್ದಾರೆ. ಅದು ಬೇಡ. ಗಾರೆಯ ನೀರು ಕುಡಿದು ಒಣ ಬೆಣೆ ಉಬ್ಬುತ್ತದೆ, ನಿಲುವನ್ನು ತಳ್ಳುತ್ತದೆ. ಆಮೇಲೆ ಒಣಗಿ ಕುಗ್ಗುತ್ತದೆ, ಸುತ್ತಲಿನ ಗಾರೆ ಪೊಳ್ಳಾಗುತ್ತದೆ. ಗೆದ್ದಲಿಗೆ ಗೋಡೆಯಿಂದ ಚೌಕಟ್ಟಿಗೆ ಅದೇ ಸೇತುವೆ.

ಪಕ್ಕದ ಮತ್ತು ಕೆಳಗಿನ ಸಂದಿಗೆ ಸಿಮೆಂಟ್ ಒಂದಕ್ಕೆ ಮರಳು ನಾಲ್ಕರ ಗಾರೆ ತುಂಬಿದೆ, ಬೆಣೆ ಇದ್ದ ಜಾಗಕ್ಕೂ ಸೇರಿಸಿ. ಮೇಲಿನ ಅರ್ಧ ಇಂಚಿಗೆ ಒಂದಕ್ಕೆ ಆರು, ಅಂದರೆ ಬಡ ಗಾರೆ. ಹೊರಗಿನ ಕಟ್ಟೆಯನ್ನು ಈ ಸಲ ಕೆಳಪಟ್ಟಿಯ ಅಡಿಯಿಂದ ಶುರುಮಾಡಿ, ಹೊರಕ್ಕೆ ಇಳಿಜಾರು ಕೊಟ್ಟು ಮುಗಿಸಿದೆ. ಮರದ ಅಂಚು ಪೂರ್ತಿ ಕಾಣುತ್ತದೆ. ಒಂದು ಚೊಂಬು ನೀರು ಸುರಿದು ನೋಡಿದೆ, ಎಲ್ಲೂ ನಿಲ್ಲದೆ ಹೊರಗೆ ಬಿತ್ತು.

ಇನ್ನೊಂದು ವಾರ ಬಿಟ್ಟು ಆಚಾರ್ರು ಕದ ತಂದರು. ಹತ್ತರಿ ಚೀಲದಿಂದ ಹೊರಗೆ ಬರಲಿಲ್ಲ. ಎರಡು ಕದವನ್ನೂ ಕೂರಿಸಿ, ಅರ್ಧ ತೆರೆದು ಕೈ ಬಿಟ್ಟರು. ಬಿಟ್ಟಲ್ಲೇ ನಿಂತವು.

ಬೆಣೆ ಹನ್ನೆರಡನ್ನೂ ತೊಳೆದು ಒಣಗಿಸಿ ದಾರದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇನೆ. ಮಳೆ ಶುರುವಾಗುವ ಮೊದಲು ಆ ಮೊದಲ ಕಿಟಕಿಯನ್ನು ಬಿಚ್ಚಬೇಕು.